ನಷ್ಟದ ವರ್ಷ, ಗ್ರಾಹಕರಿಗೊಂದು ಇಮೇಲ್

2018ರಲ್ಲಿ ನಾವು ನಿರ್ವಹಿಸುತ್ತಿದ್ದ ಹಣ, ಶುಲ್ಕ ಕಳೆದು, 22% ಕರಗಿತ್ತು. ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಕಚೇರಿ ಕೊಳ್ಳುವುದು ಸಾಲ ಕಡಿಮೆಯಿರುವ ಸಣ್ಣ ಕಂಪನಿಗಳ ಷೇರುಗಳನ್ನು. ಆ ವರ್ಷ ನಿಫ್ಟಿ ಸ್ಮಾಲ್‌ಕ್ಯಾಪ್ 100 ಸೂಚ್ಯಂಕ ಸುಮಾರು 29% ಬಿದ್ದಿತ್ತು. ಅದೊಂದನ್ನೇ ತೋರಿಸಿ 'ನಾವೇ ವಾಸಿ' ಎನ್ನಬಹುದಿತ್ತು. ಆದರೆ ನಿಫ್ಟಿ 50 ಸುಮಾರು 3% ಏರಿತ್ತಲ್ಲ! ಗ್ರಾಹಕರು ದೊಡ್ಡ ಕಂಪನಿಗಳಲ್ಲೇ ಹಣವಿಟ್ಟಿದ್ದರೆ ನಷ್ಟವೇ ಇರುತ್ತಿರಲಿಲ್ಲ. ಹಾಗಾಗಿ ಎರಡನ್ನೂ ಬರೆದೆ.

ಇಮೇಲ್‌ನ ಮೊದಲ ಸಾಲನ್ನು ಮಾತ್ರ ಒಬ್ಬೊಬ್ಬರಿಗೂ ಬೇರೆಯಾಗಿ ಬರೆದೆ. ಮಂಡ್ಯದ ನಿವೃತ್ತ ಇಂಜಿನಿಯರೊಬ್ಬರು ಜನವರಿಯಲ್ಲಷ್ಟೇ ಸೇರಿದ್ದರು. ಅವರ 25 ಲಕ್ಷ ರೂಪಾಯಿ 19.5 ಲಕ್ಷಕ್ಕೆ ಇಳಿದಿತ್ತು. ಐದು ವರ್ಷಗಳ ಸರಾಸರಿ ಲಾಭ ಕಟ್ಟಿಕೊಂಡು ಅವರಿಗೇನಾಗಬೇಕು? 22% ಬಿದ್ದದ್ದು ಮೊದಲಿನ ಮಟ್ಟಕ್ಕೆ ಬರಲು 28% ಏರಬೇಕು ಎಂಬುದನ್ನೂ ಮುಚ್ಚಿಡಲಿಲ್ಲ.

ತಂತ್ರವನ್ನೇಕೆ ಬದಲಿಸುತ್ತಿಲ್ಲ ಎಂಬುದಕ್ಕೆ ಒಂದು ಕಂಪನಿಯ ಲೆಕ್ಕ ಕೊಟ್ಟೆ. ವರ್ಷಾರಂಭದಲ್ಲಿ ಅದರ ಷೇರಿಗೆ 400 ರೂಪಾಯಿ, ಪ್ರತಿ ಷೇರಿನ ವಾರ್ಷಿಕ ಲಾಭ 16 ರೂಪಾಯಿ. ಎಂದರೆ ಲಾಭದ 25 ಪಟ್ಟು ಬೆಲೆ. ವರ್ಷದ ಕೊನೆಗೆ ಲಾಭ 18 ರೂಪಾಯಿಗೆ ಏರಿತ್ತು, ಬೆಲೆ 280ಕ್ಕೆ ಇಳಿದಿತ್ತು. 25 ಪಟ್ಟು ಕೊಡುತ್ತಿದ್ದ ಮಾರುಕಟ್ಟೆ ಈಗ ಹದಿನಾರು ಪಟ್ಟೂ ಕೊಡುತ್ತಿರಲಿಲ್ಲ. ವ್ಯಾಪಾರ ಕುಗ್ಗಿರಲಿಲ್ಲ, ಕುಗ್ಗಿದ್ದು ಮಾರುಕಟ್ಟೆಯ ಉತ್ಸಾಹ. ಹಿಂದಿನ ವರ್ಷ ಆ ಉತ್ಸಾಹದಿಂದಲೇ ನಮ್ಮ ಲಾಭ ಉಬ್ಬಿತ್ತು ಎಂಬುದನ್ನೂ ಬರೆದೆ. ಅದನ್ನು ಬಿಟ್ಟರೆ ಲೆಕ್ಕ ಅರ್ಧ ಸುಳ್ಳು.

ಈ ವಾದಕ್ಕೂ ಮಿತಿಯಿದೆ. ಮುಂದೆ ಲಾಭ ಬೀಳಲಿದೆ ಎಂದು ಮಾರುಕಟ್ಟೆ ಮೊದಲೇ ಮೂಸಿರಬಹುದು. ಆದ್ದರಿಂದ ಲೆಕ್ಕಪುಸ್ತಕದ ಲಾಭವನ್ನಷ್ಟೇ ನೋಡದೆ, ಮಾರಿದ ಸರಕಿನ ಹಣ ಕೈಗೆ ಬಂದಿದೆಯೇ ಎಂದು ನೋಡಿದೆವು. ಇನ್ನೊಂದು ಕಂಪನಿಯಲ್ಲಿ ಲಾಭ ಏರಿದ್ದರೂ ಬರಬೇಕಾದ ಬಾಕಿ ಮಾರಾಟಕ್ಕಿಂತ ವೇಗವಾಗಿ ಬೆಳೆದಿತ್ತು, ಅದನ್ನು ತುಂಬಲು ಬ್ಯಾಂಕ್ ಸಾಲವೂ ಏರಿತ್ತು. ಮೂಲಸೌಕರ್ಯ ಯೋಜನೆಗಳಿಗೆ ಹಣ ಒದಗಿಸುತ್ತಿದ್ದ ದೊಡ್ಡ ಸಂಸ್ಥೆ ಐಎಲ್ ಆ್ಯಂಡ್ ಎಫ್ಎಸ್ ತನ್ನ ಸಾಲ ತೀರಿಸಲಾಗದೆ ಕೈಚೆಲ್ಲಿದ ಮೇಲೆ ಹೊಸ ಸಾಲ ಹುಟ್ಟುವುದೇ ಕಷ್ಟವಾಗಿದ್ದ ಕಾಲವದು. ಆ ಷೇರನ್ನು ನಷ್ಟಕ್ಕೇ ಮಾರಿದೆವು, ಹಾಗೆಂದೇ ಬರೆದೆವು. ತಂತ್ರ ಬದಲಾಗಿಲ್ಲ ಎಂದರೆ ಕೊಂಡದ್ದನ್ನೆಲ್ಲ ಅಪ್ಪಿಕೊಂಡು ಕೂರುವುದಲ್ಲ.

'ಮುಂದಿನ ವರ್ಷ ಚೇತರಿಕೆ ಖಂಡಿತ' ಎಂಬ ಸಾಲನ್ನು ಸಹೋದ್ಯೋಗಿ ಸೇರಿಸಿದ್ದರು, ತೆಗೆದೆ. ಲಾಭದ ಭರವಸೆ ಕೊಡಲು ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮ ಬಿಡುವುದಿಲ್ಲ, ಚೇತರಿಕೆ ಬರುತ್ತದೋ ಇಲ್ಲವೋ ನನಗೆ ಗೊತ್ತೂ ಇರಲಿಲ್ಲ. ಬದಲಿಗೆ, ನಮ್ಮಲ್ಲಿರುವ ಕಂಪನಿಗಳ ಒಟ್ಟು ಲಾಭ ಎರಡು ವರ್ಷ ಸತತವಾಗಿ ಇಳಿದರೆ ತಂತ್ರವನ್ನೇ ಮರುಪರಿಶೀಲಿಸುತ್ತೇವೆ ಎಂದು ಬರೆದೆ.

ಮಂಡ್ಯದವರು ಮರುದಿನವೇ ಫೋನ್ ಮಾಡಿದರು. "ಮಗಳ ಮದುವೆ ಮುಂದಿನ ವರ್ಷ, ಸರ್. ಅಷ್ಟರಲ್ಲಿ ಬರುತ್ತದೆಯೇ?" ಹೇಳಲಾಗದು ಎಂದೆ. ಮದುವೆಗೆ ಬೇಕಾದ ಎಂಟು ಲಕ್ಷವನ್ನು ಆ ವಾರವೇ ಬಿಡಿಸಿ ಠೇವಣಿಗೆ ಹಾಕಿಸಿದೆವು.