ರೆಕ್ಸ್ ಬೆಗೋನಿಯಾ: ಒಂದು ಎಲೆಯಿಂದ ಹಲವು ಮರಿಗಿಡ

ರೆಕ್ಸ್ ಬೆಗೋನಿಯಾದ ಒಂದು ಎಲೆಯನ್ನು ತ್ರಿಕೋನ ತುಂಡುಗಳಾಗಿ ಕತ್ತರಿಸಿ ನೆಟ್ಟರೆ ಪ್ರತಿ ತುಂಡಿನ ಬುಡದಲ್ಲೂ ಮರಿ ಬರುತ್ತದೆ ಎನ್ನುವುದು ಗಿಡ ಬೆಳೆಸುವವರಿಗೆಲ್ಲ ಗೊತ್ತಿರುವ ಸಂಗತಿ. ಆದರೂ ಹತ್ತು ತುಂಡು ನೆಟ್ಟು ಎರಡು ಉಳಿಸಿಕೊಂಡವರೇ ಹೆಚ್ಚು. ಬೇರಿಲ್ಲದ ತುಂಡು ನೀರನ್ನು ಎಳೆದುಕೊಳ್ಳಲಾರದು, ಆದರೆ ಅದರ ಮೈಯಿಂದ ನೀರು ಆರುತ್ತಲೇ ಇರುತ್ತದೆ. ಹಾಗಾಗಿ ಸುತ್ತಲಿನ ಗಾಳಿ ತೇವವಾಗಿರಬೇಕು. ಕತ್ತರಿಸಿದ ಗಾಯ ಹೂತಿರುವ ಮಾಧ್ಯಮದಲ್ಲಿ ಮಾತ್ರ ಗಾಳಿಯಾಡಬೇಕು, ಇಲ್ಲದಿದ್ದರೆ ಅದು ಕೊಳೆಯುತ್ತದೆ. ಹೆಚ್ಚಿನವರು ಮಾಡುವುದು ಇದರ ತಿರುಗುಮುರುಗು: ತುಂಡು ನೆಟ್ಟ ಡಬ್ಬಿಯನ್ನು ತೆರೆದಿಟ್ಟು ಮಾಧ್ಯಮಕ್ಕೆ ದಿನಾ ನೀರು ಹಾಕುತ್ತಾರೆ.

ಎಲೆಯ ಆಯ್ಕೆಯಿಂದ ಶುರು ಮಾಡುತ್ತೇನೆ. ಗಿಡದ ನಡುವಿನಲ್ಲಿ ಈಗಷ್ಟೇ ಬಿಚ್ಚಿಕೊಂಡ ಎಲೆ ತೆಳು, ಬೇಗ ಬಾಡುತ್ತದೆ. ಕೆಳಗಿನ ಹಳೆಯ ಎಲೆ ತುಂಡಾಗಿ ಬಹಳ ದಿನ ಹಸಿರಾಗಿ ಕೂತಿರುತ್ತದೆ, ಚಿಗುರು ಕೊಡುವುದಿಲ್ಲ. ಪೂರ್ತಿ ಅಗಲವಾಗಿ ಬಣ್ಣ ಬಂದಿರುವ, ಬೆರಳಿಗೆ ಗಟ್ಟಿಯೆನಿಸುವ, ಅಂಚು ಒಣಗದ ಎಲೆಯೇ ಬೇಕು. ಹಿಂದಿನ ಸಂಜೆ ತಾಯಿಗಿಡಕ್ಕೆ ನೀರು ಹಾಕಿ, ಬೆಳಿಗ್ಗೆ ಎಲೆ ಬಿಗಿಯಾಗಿರುವಾಗ ಕೊಯ್ಯುತ್ತೇನೆ. ಬೂದಿ ರೋಗದ ಬಿಳಿ ಚುಕ್ಕೆ ಒಂದೇ ಒಂದು ಕಂಡರೂ ಆ ಎಲೆ ಬೇಡ. ಮುಚ್ಚಿದ ಡಬ್ಬಿಯೊಳಗೆ ಅದು ಎಲ್ಲ ತುಂಡುಗಳಿಗೂ ಹಬ್ಬುತ್ತದೆ.

ಎಲೆಯನ್ನು ಬೋರಲು ಹಾಕಿದರೆ ತೊಟ್ಟು ಸೇರುವ ಜಾಗದಿಂದ ಕೊಡೆಯ ಕಡ್ಡಿಗಳ ಹಾಗೆ ದಪ್ಪ ನರಗಳು ಹರಡಿರುವುದು ಕಾಣುತ್ತದೆ. ಹದಿನೈದು ಸೆಂಟಿಮೀಟರ್ ಅಗಲದ ಎಲೆಯಲ್ಲಿ ಇಂಥ ದೊಡ್ಡ ನರಗಳು ಆರೇಳು ಸಿಗುತ್ತವೆ. ತೊಟ್ಟನ್ನು ಬುಡಕ್ಕೇ ಕತ್ತರಿಸಿ ತೆಗೆದು, ಎರಡು ನರಗಳ ನಡುವಿನ ಜಾಗದಲ್ಲಿ ಅಂಚಿನಿಂದ ತೊಟ್ಟಿನ ಸಂಧಿಯವರೆಗೆ ಸೀಳುತ್ತೇನೆ. ಹೀಗೆ ಮಾಡಿದರೆ ಪ್ರತಿ ತುಂಡಿನ ನಟ್ಟನಡುವೆ ಒಂದು ನರ ಇರುತ್ತದೆ, ಚೂಪಾದ ತುದಿಯಲ್ಲಿ ಸಂಧಿಯ ದಪ್ಪ ತಿರುಳು ಒಂದಿಷ್ಟು ಉಳಿಯುತ್ತದೆ. ಮೊದಲು ಮರಿ ಬರುವುದು ಈ ತಿರುಳಿನ ಬಳಿಯಲ್ಲೇ. ನರವಿಲ್ಲದ ತುಂಡಿನಿಂದ ಏನೂ ನಿರೀಕ್ಷಿಸಬೇಡಿ.

ತುದಿಯಿಂದ ನಾಲ್ಕೈದು ಸೆಂಟಿಮೀಟರ್ ಉದ್ದ ಬಿಟ್ಟು ಹೊರಗಿನ ತೆಳು ಭಾಗವನ್ನು ಅಡ್ಡಲಾಗಿ ಕತ್ತರಿಸಿಬಿಡುತ್ತೇನೆ. ಅದು ನೀರು ಕಳೆಯುವುದಕ್ಕೆ ಮುಂದು, ಸುರುಟಿಕೊಂಡು ಮಾಧ್ಯಮಕ್ಕೆ ತಾಗಿ ಕೊಳೆಯುವುದಕ್ಕೂ ಮುಂದು. ಆ ಹೊರಭಾಗದಲ್ಲಿ ನರ ಕವಲೊಡೆಯುವ ಜಾಗವಿದ್ದರೆ, ಕವಲು ಚೂಪು ತುದಿಗೆ ಬರುವ ಹಾಗೆ ಇನ್ನೊಂದು ಸಾಲು ಸಣ್ಣ ತುಂಡುಗಳನ್ನು ಮಾಡಬಹುದು. ಅವೂ ಬರುತ್ತವೆ, ಆದರೆ ತಡವಾಗಿ, ಮರಿಗಳೂ ಪುಟ್ಟವು. ‘ಎಸ್ಕಾರ್ಗೋ’ದಂಥ ಬಸವನಹುಳು ಸುರುಳಿಯ ತಳಿಯಲ್ಲಿ ಸಂಧಿ ಮೇಲಿನಿಂದ ಸರಿಯಾಗಿ ಕಾಣುವುದಿಲ್ಲ. ಅಲ್ಲಿ ಸುರುಳಿಯನ್ನು ಮೊದಲು ಒಂದು ಕಡೆ ಸೀಳಿ ಬಿಡಿಸಿಕೊಂಡು, ಕೆಳಗಿನಿಂದ ತೊಟ್ಟನ್ನು ಹಿಡಿದು ನೋಡಿಯೇ ಕತ್ತರಿಸಬೇಕು.

ಕತ್ತರಿ ಬೇಡ, ಹೊಸ ಬ್ಲೇಡ್ ಬೇಕು. ಕತ್ತರಿಯ ಎರಡು ಅಲಗು ಸೇರುವಾಗ ರಸಭರಿತ ನರ ಜಜ್ಜಿಹೋಗುತ್ತದೆ, ಕೊಳೆತ ಶುರುವಾಗುವುದೇ ಆ ಜಜ್ಜಿದ ಜಾಗದಿಂದ. ಬ್ಲೇಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಒಂದು ಎಲೆಯಿಂದ ಇನ್ನೊಂದಕ್ಕೆ ಹೋಗುವಾಗ ಮತ್ತೆ ಒರೆಸುತ್ತೇನೆ. ತುಂಡುಗಳನ್ನು ನೆರಳಲ್ಲಿ ಕಾಗದದ ಮೇಲೆ ಇಪ್ಪತ್ತು ನಿಮಿಷ ಬಿಟ್ಟರೆ ಕತ್ತರಿಸಿದ ಅಂಚಿನ ಪಸೆ ಆರುತ್ತದೆ, ಅಷ್ಟು ಸಾಕು.

ಬೇರಿನ ಹಾರ್ಮೋನ್ ಪುಡಿ ನಾನು ಬಳಸುವುದಿಲ್ಲ. ಕಾಂಡದ ತುಂಡಿನಲ್ಲಿ ಮೊಗ್ಗು ಮೊದಲೇ ಇರುತ್ತದೆ, ಬೇರು ಬಂದರೆ ಕೆಲಸ ಮುಗಿಯಿತು. ಎಲೆಯ ತುಂಡು ಬೇರನ್ನೂ ಮೊಗ್ಗನ್ನೂ ಎರಡನ್ನೂ ಹೊಸದಾಗಿ ಹುಟ್ಟಿಸಿಕೊಳ್ಳಬೇಕು. ಆ ಪುಡಿಯಲ್ಲಿರುವ ಆಕ್ಸಿನ್ ಬೇರನ್ನು ಮುಂದೆ ತಳ್ಳಿ ಮೊಗ್ಗನ್ನು ತಡೆಹಿಡಿಯುತ್ತದೆ. ಕೆಳಗೆ ಗಡ್ಡದಂತೆ ಬೇರು ಬಂದು, ತಿಂಗಳುಗಟ್ಟಲೆ ಚಿಗುರೇ ಇಲ್ಲದ ತುಂಡು ಕಂಡರೆ ಅದಕ್ಕೆ ಪುಡಿ ಹಚ್ಚಿದ್ದಾರೆಂದು ಊಹಿಸಬಹುದು. ರೆಕ್ಸ್‌ಗೆ ಬೇರು ಬರಿಸುವುದು ಎಂದೂ ಕಷ್ಟವಲ್ಲ.

ಮಾಧ್ಯಮಕ್ಕೆ ಕೋಕೋಪೀಟ್ ಮತ್ತು ಪರ್ಲೈಟ್, ಅಳತೆಯಲ್ಲಿ ಸಮಸಮ. ಮೂವತ್ತು ಸೆಂಟಿಮೀಟರ್ ಉದ್ದ, ಇಪ್ಪತ್ತು ಅಗಲದ ಪಾರದರ್ಶಕ ಡಬ್ಬಿಗೆ ನಾಲ್ಕು ಸೆಂಟಿಮೀಟರ್ ದಪ್ಪ ತುಂಬಲು ಎರಡೂವರೆ ಲೀಟರಿನಷ್ಟು ಮಿಶ್ರಣ ಬೇಕು, ಅಂದರೆ ಎರಡೂ ತಲಾ ಒಂದೂಕಾಲು ಲೀಟರ್. ಡಬ್ಬಿಯ ಎತ್ತರ ಕಡಿಮೆಯೆಂದರೆ ಹನ್ನೆರಡು ಸೆಂಟಿಮೀಟರ್ ಇರಲಿ, ಮರಿಗಳು ಮುಚ್ಚಳಕ್ಕೆ ತಾಗಬಾರದು. ತೋಟದ ಮಣ್ಣು, ಗೊಬ್ಬರ, ಎರೆಗೊಬ್ಬರ ಯಾವುದೂ ಈಗ ಬೇಡ. ಬೇರಿಲ್ಲದ ತುಂಡಿಗೆ ಆಹಾರದಿಂದ ಪ್ರಯೋಜನವಿಲ್ಲ, ಶಿಲೀಂಧ್ರಕ್ಕೆ ಮಾತ್ರ ಪ್ರಯೋಜನ. ಪರ್ಲೈಟ್ ಸಿಗದಿದ್ದರೆ ಧೂಳು ಹೋಗುವವರೆಗೆ ತೊಳೆದ ದಪ್ಪ ಮರಳು ಆಗುತ್ತದೆ.

ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ ಹಾಗೇ ಬಳಸಬಾರದು. ಅದರಲ್ಲಿ ಉಪ್ಪು ಉಳಿದಿರುತ್ತದೆ, ತುಂಡಿನ ಗಾಯದ ಅಂಚು ಕಂದಾಗಲು ಅದೇ ಸಾಕು. ನೆನೆಸಿ, ಬಟ್ಟೆಯಲ್ಲಿ ಹಿಂಡಿ, ಮತ್ತೆ ನೀರು ಹಾಕಿ, ಹೀಗೆ ಮೂರು ನಾಲ್ಕು ಸಲ. ಟಿಡಿಎಸ್ ಮೀಟರ್ ಇದ್ದರೆ ಹಿಂಡಿದ ನೀರಿನ ಅಂಕಿ ನೀವು ಹಾಕಿದ ನೀರಿನ ಅಂಕಿಯ ಹತ್ತಿರ ಬಂದಾಗ ನಿಲ್ಲಿಸಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಕೊನೆಯ ಸಲ ಮಳೆನೀರು ಅಥವಾ ಆರ್‌ಒ ನೀರು ಒಳ್ಳೆಯದು. ತೊಳೆದ ಮೇಲೆ ಕುದಿಯುವ ನೀರು ಸುರಿದು ಆರಲು ಬಿಡುತ್ತೇನೆ, ಕುಂಡದ ಸುತ್ತ ಹಾರುವ ಸಣ್ಣ ಕಪ್ಪು ನೊಣದ ಮೊಟ್ಟೆಗಳು ಸಾಯಲಿ ಎಂದು. ಅದರ ಹುಳು ಎಳೆಬೇರನ್ನೇ ತಿನ್ನುತ್ತದೆ. ಪರ್ಲೈಟನ್ನು ನೀರು ಚಿಮುಕಿಸಿಯೇ ಮುಟ್ಟಿ, ಒಣ ಧೂಳು ಎದೆಗೆ ಒಳ್ಳೆಯದಲ್ಲ.

ತೇವದ ಹದ ಇಡೀ ಕೆಲಸದ ಜೀವಾಳ. ಮಿಶ್ರಣವನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು, ಧಾರೆ ಇಳಿಯಬಾರದು. ಮುಷ್ಟಿ ಬಿಚ್ಚಿದರೆ ಉಂಡೆ ನಿಂತಿದ್ದು, ತಟ್ಟಿದರೆ ಒಡೆಯಬೇಕು. ನನ್ನ ಡಬ್ಬಿಗೆ ಕೆಳಗೆ ತೂತಿಲ್ಲ, ಹಾಗಾಗಿ ಹೆಚ್ಚಾದ ನೀರಿಗೆ ಹೋಗಲು ದಾರಿಯಿಲ್ಲ. ಬದಲಿಗೆ ಹದ ಒಮ್ಮೆ ಸರಿಯಾದರೆ ಬೇರು ಬರುವವರೆಗೂ ನೀರಿನ ಚಿಂತೆಯಿಲ್ಲ. ಮುಚ್ಚಿದ ಡಬ್ಬಿಯಲ್ಲಿ ಆರಿದ ನೀರು ಅಲ್ಲೇ ತಿರುಗುತ್ತಿರುತ್ತದೆ.

ನೆಡುವಾಗ ಚಾಕುವಿನ ತುದಿಯಿಂದ ಮೊದಲು ಸೀಳು ಮಾಡಿ, ತುಂಡಿನ ಚೂಪು ತುದಿಯನ್ನು ಒಂದು ಸೆಂಟಿಮೀಟರ್ ಆಳಕ್ಕೆ ಓರೆಯಾಗಿ ಇಳಿಸಿ, ಎರಡು ಬೆರಳಲ್ಲಿ ಮೆಲ್ಲಗೆ ಒತ್ತುತ್ತೇನೆ. ತೊಟ್ಟಿನ ಕಡೆಯ ತುದಿಯೇ ಕೆಳಗಿರಬೇಕು. ತುಂಡಿನ ಯಾವ ತುದಿ ತೊಟ್ಟಿನ ಕಡೆಗಿತ್ತೆಂಬ ದಿಕ್ಕಿನ ನೆನಪು ಎಲೆಯ ಜೀವಕೋಶಗಳಲ್ಲಿ ಉಳಿದಿರುತ್ತದೆ, ತಲೆಕೆಳಗಾಗಿ ನೆಟ್ಟರೆ ಕೊಳೆಯುವುದೇ ಹೆಚ್ಚು. ತುಂಡಿನಿಂದ ತುಂಡಿಗೆ ಮೂರು ಬೆರಳು ಅಂತರ, ಒಂದಕ್ಕೊಂದು ತಾಗಬಾರದು.

ಮುಚ್ಚಳ ಹಾಕಿದ ಮೇಲೆ ಒಳಗಿನ ಗಾಳಿಯ ತೇವಾಂಶ ಶೇಕಡಾ 85ರಿಂದ 95 ಇರಬೇಕು. ಅಗ್ಗದ ಡಿಜಿಟಲ್ ಮೀಟರ್ 90ರ ಮೇಲೆ ಹೇಳುವುದನ್ನು ನಂಬಲಾಗದು. ಅದಕ್ಕಿಂತ ಮುಚ್ಚಳವನ್ನೇ ನೋಡಿ. ಬೆಳಿಗ್ಗೆ ತೆಳುವಾದ ಮಂಜು ಕಟ್ಟಿ ಮಧ್ಯಾಹ್ನಕ್ಕೆ ಕರಗುತ್ತಿದ್ದರೆ ಹದ ಸರಿಯಿದೆ. ದಪ್ಪ ಹನಿಗಳಾಗಿ ಎಲೆಯ ಮೇಲೆ ತೊಟ್ಟಿಕ್ಕುತ್ತಿದ್ದರೆ ಒರೆಸಿ, ಅರ್ಧ ಗಂಟೆ ತೆರೆದಿಡಿ. ಮಂಜೇ ಇಲ್ಲದಿದ್ದರೆ ಡಬ್ಬಿಯ ಗೋಡೆಗೆ ನೀರು ಸಿಂಪಡಿಸಿ, ಎಲೆಗಲ್ಲ. ಎರಡು ದಿನಕ್ಕೊಮ್ಮೆ ಐದು ನಿಮಿಷ ಮುಚ್ಚಳ ತೆಗೆದರೆ ಗಾಳಿ ಬದಲಾಗುತ್ತದೆ.

ಬಿಸಿಲು ನೇರ ಬೀಳುವ ಜಾಗ ಖಂಡಿತ ಬೇಡ. ಮುಚ್ಚಿದ ಡಬ್ಬಿ ಬೆಳಗಿನ ಎಳೆಬಿಸಿಲಿನಲ್ಲೂ ಬೇಗ ಕಾಯುತ್ತದೆ, ತುಂಡುಗಳು ಒಳಗೇ ಬೆಂದು ಗಾಜಿನಂತೆ ಪಾರದರ್ಶಕವಾಗುತ್ತವೆ. ಒಳಗೆ 21ರಿಂದ 25 ಡಿಗ್ರಿ ಇದ್ದರೆ ಬೆಳವಣಿಗೆ ಚುರುಕು, 30 ದಾಟಿದರೆ ಕೊಳೆತ ಗೆಲ್ಲುತ್ತದೆ. ರೆಕ್ಸ್‌ನ ಮೂಲ ಅಸ್ಸಾಂ ಮತ್ತು ಸುತ್ತಲಿನ ಬೆಟ್ಟಗಳ ತಂಪು ನೆರಳು. ಈಗಿನ ಮಿಶ್ರತಳಿಗಳೂ ಅದನ್ನು ಮರೆತಿಲ್ಲ. ಬೆಂಗಳೂರು, ಮಡಿಕೇರಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತಾನಾಗಿಯೇ ಒದಗುವ ಕಾಲ. ಡಿಸೆಂಬರಿನ ಚಳಿಯಲ್ಲಿ ತುಂಡುಗಳು ಸಾಯುವುದಿಲ್ಲ, ಸುಮ್ಮನೆ ಕೂರುತ್ತವೆ. ಏಪ್ರಿಲ್‌ನಲ್ಲಿ ನಾನು ಕೈಹಾಕುವುದಿಲ್ಲ. ಮಂಗಳೂರಿನ ಕಡೆ ತೇವಕ್ಕೆ ಬರವಿಲ್ಲ, ಸೆಕೆಯೇ ತೊಡಕು.

ಮೂರು ನಾಲ್ಕು ವಾರಕ್ಕೆ ತುಂಡನ್ನು ಮೆಲ್ಲಗೆ ಅಲುಗಿಸಿದರೆ ಹಿಡಿತ ಸಿಗುತ್ತದೆ. ಕಿತ್ತು ನೋಡುವ ಆಸೆ ತಡೆದುಕೊಳ್ಳಿ, ಈ ಬೇರುಗಳು ಕೂದಲಷ್ಟು ತೆಳು. ಆರರಿಂದ ಹತ್ತು ವಾರದೊಳಗೆ ಬುಡದಲ್ಲಿ ಸಣ್ಣ ಎಲೆಗಳ ಗುಂಪು ಮೇಲೆ ಬರುತ್ತದೆ. ಮೊದಲ ಎಲೆಗಳಲ್ಲಿ ತಾಯಿಯ ಬಣ್ಣ ಕಾಣದಿದ್ದರೆ ಗಾಬರಿ ಬೇಡ, ಮೂರು ನಾಲ್ಕನೆಯ ಎಲೆಯಿಂದ ಚಿತ್ತಾರ ಮೂಡುತ್ತದೆ. ರೆಕ್ಸ್‌ನ ಬೆಳ್ಳಿ ಹೊಳಪು ಎಲೆಯ ಮೇಲ್ಪದರದಡಿಯ ಗಾಳಿಯ ಸಂದಿಗಳಿಂದ ಬರುವುದು, ಅದು ಮರಿಯಲ್ಲೂ ಹಾಗೇ ಬರುತ್ತದೆ.

ತುಂಡು ಹಾಳಾದರೆ ಎಲ್ಲಿಂದ ಹಾಳಾಯಿತೆಂದು ನೋಡಿದರೆ ಕಾರಣ ಸಿಗುತ್ತದೆ. ಚೂಪು ತುದಿಯಿಂದ ನರದುದ್ದಕ್ಕೂ ಕಂದು ಮೆತ್ತಗಾಗಿ ಮೇಲೇರುತ್ತಿದ್ದರೆ ಮಾಧ್ಯಮದಲ್ಲಿ ನೀರು ಹೆಚ್ಚು. ಇನ್ನೂ ಅರ್ಧ ಹಸಿರಿದ್ದರೆ ಗಟ್ಟಿ ಭಾಗದವರೆಗೆ ಕತ್ತರಿಸಿ, ಹೊಸ ಮಿಶ್ರಣದಲ್ಲಿ ನೆಡಬಹುದು. ಮೇಲಿನ ಅಂಚು ಗರಿಗರಿಯಾಗಿ ಒಳಗೆ ಸುರುಟಿದರೆ ಗಾಳಿ ಒಣಗಿದೆ, ಮುಚ್ಚಳದ ಸಂದಿ ನೋಡಿ. ಎಲೆಯ ನಡುವೆ ಬೂದು ರೋಮದ ಮಚ್ಚೆ ಬಂದರೆ ಹನಿ ತೊಟ್ಟಿಕ್ಕಿದ ಗುರುತು. ಆ ತುಂಡನ್ನು ಕೂಡಲೇ ಸುತ್ತಲಿನ ಮಾಧ್ಯಮದ ಸಮೇತ ತೆಗೆದುಬಿಡಿ, ಪಕ್ಕದ್ದಕ್ಕೆ ಹಬ್ಬಲು ಹೆಚ್ಚು ಹೊತ್ತು ಬೇಡ.

ಮರಿಯ ಎರಡು ಮೂರು ಎಲೆ ರೂಪಾಯಿ ನಾಣ್ಯದಷ್ಟಾದಾಗ ಮುಚ್ಚಳ ಸಡಿಲಿಸುವ ಕೆಲಸ ಶುರು. ಮೊದಲ ದಿನ ಒಂದು ಮೂಲೆ, ಆಮೇಲೆ ಕಾಲುಭಾಗ, ಹೀಗೆ ಹತ್ತು ಹದಿನೈದು ದಿನದಲ್ಲಿ ಪೂರ್ತಿ. ಎಲೆ ಜೋತುಬಿದ್ದರೆ ಒಂದು ಹೆಜ್ಜೆ ಹಿಂದೆ. ತೇವದಲ್ಲೇ ಬೆಳೆದ ಎಲೆಗೆ ನೀರು ತಡೆಯುವ ಮೇಲ್ಪದರ ತೆಳುವಾಗಿರುತ್ತದೆ, ಒಮ್ಮೆಗೇ ಹೊರಗಿಟ್ಟರೆ ಒಂದೇ ಮಧ್ಯಾಹ್ನಕ್ಕೆ ಕರಕಲು. ಈ ಹಂತದಲ್ಲಿ 19:19:19 ಗೊಬ್ಬರ ಲೀಟರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ.

ಆಮೇಲೆ ಎರಡೂವರೆ ಇಂಚಿನ ಕುಂಡಕ್ಕೆ ವರ್ಗಾವಣೆ: ಕೋಕೋಪೀಟ್ ಎರಡು ಪಾಲು, ಪರ್ಲೈಟ್ ಒಂದು, ಜರಡಿ ಹಿಡಿದ ಎರೆಗೊಬ್ಬರ ಒಂದು. ದೊಡ್ಡ ಕುಂಡಕ್ಕೆ ಆಸೆಪಟ್ಟರೆ ಬೇರು ತಲುಪದ ಮಣ್ಣು ಒದ್ದೆಯಾಗಿಯೇ ಉಳಿಯುತ್ತದೆ. ಒಂದು ತುಂಡಿನ ಬುಡದಲ್ಲಿ ಎರಡು ಮೂರು ಮರಿಗಳಿದ್ದರೆ ಸ್ವಂತ ಬೇರಿರುವುದನ್ನು ಮಾತ್ರ ಬಿಡಿಸಿ. ಬೇರಿಲ್ಲದ್ದನ್ನು ತಾಯಿತುಂಡಿನ ಜೊತೆಗೇ ಬಿಡಿ. ಹಳೆಯ ತುಂಡು ಇನ್ನೂ ಹಸಿರಾಗಿ ಗಟ್ಟಿಯಾಗಿದ್ದರೆ ಎಸೆಯಬೇಡಿ, ಮರಿಗಳನ್ನು ಬಿಡಿಸಿಕೊಂಡ ಮೇಲೆ ಅದನ್ನೇ ಮತ್ತೆ ಡಬ್ಬಿಯಲ್ಲಿ ನೆಟ್ಟರೆ ಎರಡನೆಯ ಸಲವೂ ಮರಿ ಬರುವುದುಂಟು.