ಕೋಲ್‌ಬ್ರೂಕ್ ಸಮೀಕರಣಕ್ಕೆ ಸಾದಾ ಇಟರೇಷನ್ ಸಾಕು: ನನ್ನ ಅನುಭವ

ಪೈಪಿನ ಘರ್ಷಣೆ ಗುಣಾಂಕ ತೆಗೆಯಲು ಫಿಕ್ಸ್ಡ್ ಪಾಯಿಂಟ್ ಇಟರೇಷನ್, ಅಂದರೆ ಬಂದ ಬೆಲೆಯನ್ನೇ ಮತ್ತೆ ಮತ್ತೆ ಅದೇ ಸೂತ್ರಕ್ಕೆ ಹಾಕುವ ವಿಧಾನ, ಬಳಸುತ್ತೇನೆ ಅಂದಾಗ ನಮ್ಮ ತಂಡದಲ್ಲಿ ಯಾರೂ ಒಪ್ಪಲಿಲ್ಲ. "ಅದು ಕೆಲವೊಮ್ಮೆ ಕೂರುತ್ತೆ, ಕೆಲವೊಮ್ಮೆ ಹಾರಿಹೋಗುತ್ತೆ, ನಂಬೋಕಾಗಲ್ಲ" ಅಂತ ಒಬ್ಬರು. ನ್ಯೂಟನ್ ವಿಧಾನ ಹಾಕಿ ಅಂತ ಇನ್ನೊಬ್ಬರು. ವರ್ಷ ವರ್ಷ ದುಡ್ಡು ಕಟ್ಟಿಸಿಕೊಳ್ಳುವ ಒಂದು ಸಾಲ್ವರ್ ಪ್ಯಾಕೇಜನ್ನೇ ಕೊಳ್ಳೋಣ ಅಂತ ಮ್ಯಾನೇಜರ್. ನಮಗೆ ಬೇಕಿದ್ದದ್ದು ಒಂದೇ ಸಮೀಕರಣದ ಉತ್ತರ, ಸುಮಾರು ಒಂಬತ್ತು ಸಾವಿರ ಪೈಪುಗಳಿಗೆ. ಅದೂ ಸ್ಪ್ರೆಡ್‌ಶೀಟಿನಲ್ಲಿ. ಅಷ್ಟಕ್ಕೆ ಪ್ರತಿ ವರ್ಷ ಲೈಸೆನ್ಸ್ ಶುಲ್ಕ ಯಾಕೆ ಅಂತ ನನ್ನ ವಾದ.

ಕೋಲ್‌ಬ್ರೂಕ್ 1939ರಲ್ಲಿ ಕೊಟ್ಟ ಸಮೀಕರಣ ನಿಮಗೆ ಗೊತ್ತೇ ಇದೆ. ಘರ್ಷಣೆ ಗುಣಾಂಕ f ಎರಡೂ ಕಡೆ ಇರುವುದೇ ಅದರ ತೊಡಕು. ನಾನು f ಬದಲು x = 1/√f ಇಟ್ಟುಕೊಂಡೆ. ಆಗ ಅದು ಹೀಗಾಗುತ್ತದೆ, ಇಲ್ಲಿ Re ಅಂದರೆ ಹರಿವಿನ ರೆನಾಲ್ಡ್ಸ್ ಸಂಖ್ಯೆ, eps/D ಅಂದರೆ ಪೈಪಿನ ಒರಟುತನವನ್ನು ವ್ಯಾಸದಿಂದ ಭಾಗಿಸಿದ್ದು:

```
x = g(x) = -2*log10(a + b*x)
a = (eps/D)/3.7
b = 2.51/Re
```

ಮೊದಲು ನಮ್ಮವರು ಯಾಕೆ ಹೆದರಿದ್ದರು ಅಂತ ಹೇಳಬೇಕು. ಹಿಂದೆ ಯಾರೋ ಇದೇ ಸಮೀಕರಣವನ್ನು ತಿರುಗಿಸಿ ಬರೆದಿದ್ದರು: `x = (10^(-x/2) - a)/b`. ಗಣಿತದಲ್ಲಿ ಎರಡೂ ಒಂದೇ, ಉತ್ತರವೂ ಒಂದೇ. ಆದರೆ ಓಡಿಸಿ ನೋಡಿ. Re = 100000, eps/D = 0.0002 ತಗೊಳ್ಳಿ. ನಿಜವಾದ ಉತ್ತರ 7.254ರ ಹತ್ತಿರ. 7.2ರಿಂದ, ಅಂದರೆ ಉತ್ತರದ ಪಕ್ಕದಲ್ಲೇ ಹೊರಟರೂ ಮುಂದಿನದು 7.85. ಆಮೇಲೆ 2.56. ಆಮೇಲೆ 2000ದ ಮೇಲೆ. ಅದರ ಮುಂದಿನದು -2.15, ಅಲ್ಲಿಂದ ಒಂದೇ ಹೆಜ್ಜೆಗೆ ನಾಲ್ಕೂವರೆ ಲಕ್ಷ ದಾಟುತ್ತದೆ. ಇದನ್ನು ಕಂಡವರು ಇಟರೇಷನ್ನೇ ಬೇಡ ಅಂದರೆ ತಪ್ಪೇನಿಲ್ಲ. ಆದರೆ ಕೆಟ್ಟದ್ದು ಆ ರೂಪ, ವಿಧಾನವಲ್ಲ.

ಈಗ ನನ್ನ ರೂಪ, ಅದೇ ಪೈಪು. 8ರಿಂದ ಹೊರಟೆ. ಬಂದದ್ದು 7.1874, 7.2599, 7.2532, 7.2538. ನಾಲ್ಕೇ ಸುತ್ತು, f ಸುಮಾರು 0.0190. ಹೆಜ್ಜೆಗಳ ಅಳತೆ ನೋಡಿ: ಮೊದಲನೆಯದು 0.81, ಎರಡನೆಯದು 0.072, ಮೂರನೆಯದು 0.0067, ನಾಲ್ಕನೆಯದು 0.0006. ಪ್ರತಿ ಹೆಜ್ಜೆಯೂ ಹಿಂದಿನದರ ಹತ್ತನೇ ಒಂದಕ್ಕಿಂತ ಸ್ವಲ್ಪ ಕಡಿಮೆ. ಚಿಹ್ನೆಯೂ ಪ್ರತಿ ಸಲ ಬದಲಾಗುತ್ತದೆ, ಅಂದರೆ ಉತ್ತರ ಯಾವಾಗಲೂ ಕೊನೆಯ ಎರಡು ಬೆಲೆಗಳ ನಡುವೆ ಸಿಕ್ಕಿಬಿದ್ದಿರುತ್ತದೆ.

ಈ ಹತ್ತನೇ ಒಂದು ಎಲ್ಲಿಂದ ಬಂತು? ಎರಡು ಬೇರೆ ಬೇರೆ x ತಗೊಂಡು ಎರಡನ್ನೂ g ಒಳಗೆ ಹಾಕಿ. ಹೊರಬಂದ ಎರಡರ ಅಂತರ ಒಳಗೆ ಹೋದ ಅಂತರಕ್ಕಿಂತ ಕಡಿಮೆಯಾದರೆ g ಕುಗ್ಗಿಸುತ್ತದೆ ಅಂತ ಅರ್ಥ. ಎಷ್ಟು ಕುಗ್ಗಿಸುತ್ತದೆ ಅನ್ನುವುದನ್ನು ಸ್ಲೋಪ್ ಹೇಳುತ್ತದೆ:

```
|g'(x)| = 0.8686*b/(a + b*x)
```

ಮೇಲಿನ ಪೈಪಿಗೆ ಉತ್ತರದ ಬಳಿ ಇದು 0.092. ತಿರುಗಿಸಿ ಬರೆದ ರೂಪದ ಸ್ಲೋಪ್ ಇದರ ತಲೆಕೆಳಗು, ಅಂದರೆ ಸುಮಾರು 10.8. ಅಲ್ಲಿ ತಪ್ಪು ಪ್ರತಿ ಸಲ ಹತ್ತು ಪಟ್ಟು ಹಿಗ್ಗುತ್ತದೆ. ಎಷ್ಟೇ ಹತ್ತಿರದಿಂದ ಹೊರಟರೂ ಅದು ಕೂರುವುದಿಲ್ಲ.

ಇಷ್ಟು ಹೇಳಿದಾಗ ನಮ್ಮವರಲ್ಲಿ ಒಬ್ಬರು ಒಳ್ಳೆಯ ಪ್ರಶ್ನೆ ಹಾಕಿದರು. ಉತ್ತರದ ಬಳಿ ಸ್ಲೋಪ್ 1ಕ್ಕಿಂತ ಕಡಿಮೆ ಇದೆ, ಸರಿ. ದೂರದಿಂದ ಹೊರಟರೆ? ಒಂಬತ್ತು ಸಾವಿರ ಪೈಪಿಗೂ ನೋಡುತ್ತಾ ಕೂರೋಕಾಗುತ್ತಾ? ಬಾನಾಕ್ 1922ರಲ್ಲಿ ಪ್ರಕಟಿಸಿದ ಪ್ರಮೇಯ ಕೆಲಸಕ್ಕೆ ಬರುವುದು ಇಲ್ಲೇ. ಅದು ಕೇಳುವುದು ಎರಡು ವಿಷಯ. ಮೊದಲನೆಯದು, ಆರಿಸಿಕೊಂಡ ವ್ಯಾಪ್ತಿಯೊಳಗೆ g ಎಲ್ಲೆಡೆ ಕುಗ್ಗಿಸಬೇಕು. ಎರಡನೆಯದು, g ಆ ವ್ಯಾಪ್ತಿಯಿಂದ ಹೊರಗೆ ಹಾರಬಾರದು. ಎರಡನೆಯದನ್ನೇ ಜಾಸ್ತಿ ಜನ ಮರೆಯುತ್ತಾರೆ.

ನಾನು x ಬೆಲೆಗೆ 3ರಿಂದ 15ರವರೆಗಿನ ವ್ಯಾಪ್ತಿ ಹಿಡಿದೆ. Re 4000ದಿಂದ ಹತ್ತು ಕೋಟಿವರೆಗೆ, eps/D 0ಯಿಂದ 0.05ವರೆಗೆ. ಮೂಡಿ ನಕ್ಷೆಯ ಪ್ರಕ್ಷುಬ್ಧ ಹರಿವು ಹೆಚ್ಚುಕಡಿಮೆ ಪೂರ್ತಿ ಇದರಲ್ಲೇ ಬರುತ್ತದೆ. g ಇಳಿಯುವ ಫಂಕ್ಷನ್, ಹಾಗಾಗಿ ತುದಿಗಳನ್ನು ನೋಡಿದರೆ ಸಾಕು. ಅತಿ ನುಣುಪು ಪೈಪು, ದೊಡ್ಡ Re ಇದ್ದಾಗ g(3) = 14.25. ಅತಿ ಒರಟು ಪೈಪು, ಸಣ್ಣ Re ಇದ್ದಾಗ g(15) = 3.28. ಎರಡೂ ಬೇಲಿಯೊಳಗೇ. ಸ್ಲೋಪ್ ಎಲ್ಲೂ 0.8686/x ಮೀರುವುದಿಲ್ಲ, ಹಾಗಾಗಿ ಅತಿ ಕೆಟ್ಟ ಬೆಲೆ 0.8686/3, ಅಂದರೆ 0.29. ಅಲ್ಲಿಗೆ ಚರ್ಚೆ ಮುಗಿಯಿತು. 3ರಿಂದ 15ರೊಳಗೆ ಎಲ್ಲಿಂದ ಹೊರಟರೂ ಉತ್ತರ ಒಂದೇ, ತಲುಪುವುದೂ ಖಂಡಿತ.

7ರಿಂದ ಹೊರಟರೆ ಮೊದಲ ಹೆಜ್ಜೆ 8 ಮೀರುವುದಿಲ್ಲ. `0.29^n * 8 / 0.71` ಲೆಕ್ಕ ಹಾಕಿದರೆ 14 ಸುತ್ತಿಗೆ ತಪ್ಪು ದಶಲಕ್ಷದಲ್ಲಿ ಒಂದಕ್ಕಿಂತ ಕಡಿಮೆ. ಹಾಗಾಗಿ 14 ಕಾಲಂ ಹಾಕಿ ಬಿಟ್ಟೆ. ಯಾವ ತಪಾಸಣೆಯೂ ಇಲ್ಲ, ಮ್ಯಾಕ್ರೋ ಇಲ್ಲ. ನಿಜಕ್ಕೂ ಏಳೆಂಟು ಸುತ್ತಿಗೇ ಎಲ್ಲ ಪೈಪು ಕೂತಂತೆಯೇ. ಯಾಕೆಂದರೆ ಉತ್ತರದ ಬಳಿಯ ಸ್ಲೋಪ್ ಅತಿ ಹೆಚ್ಚೆಂದರೆ 0.17, ಅದೂ Re 4000ದ ನುಣುಪು ಪೈಪಿಗೆ. ಪೈಪು ಒರಟಾದಷ್ಟೂ ಬೇಗ ಕೂರುತ್ತದೆ. ಛೇದದಲ್ಲಿ a ದೊಡ್ಡದಾಗಿ ಸ್ಲೋಪನ್ನು ಇನ್ನೂ ಅದುಮುತ್ತದೆ ಅಲ್ವಾ, ಅದಕ್ಕೆ. ಸಾಲ್ವರ್ ಕೊಳ್ಳುವ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಆ ಲೈಸೆನ್ಸ್ ದುಡ್ಡು ಇವತ್ತಿಗೂ ಉಳಿಯುತ್ತಿದೆ. 7ಕ್ಕಿಂತ ಒಳ್ಳೆಯ ಆರಂಭಕ್ಕೆ ನನ್ನದೇ ಒಂದು ಪುಟ್ಟ ಸೂತ್ರವಿದೆ. ಅದು ಹಾಕಿದರೆ ಮೂರು ಕಾಲಂ ಸಾಕು. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹೀಗಿದ್ದೂ ಕೆಡುವ ಜಾಗಗಳಿವೆ. ಆರಂಭದ ಸೆಲ್ ಖಾಲಿ ಬಿಟ್ಟರೆ x = 0. ನುಣುಪು ಪೈಪಿಗೆ a ಕೂಡ 0. ಸೊನ್ನೆಯ ಲಾಗ್, ಸಾಲು ಪೂರ್ತಿ ಎರರ್. ಬೇಲಿಯ ಹೊರಗಿಂದ ಹೊರಟದ್ದರ ಫಲ ಅದು. ಇದು ಕಣ್ಣಿಗೆ ಬೀಳುವುದರಿಂದ ಪರವಾಗಿಲ್ಲ. ಬೇರೊಂದು ಪ್ರಾಜೆಕ್ಟಿನಿಂದ ನನ್ನ ಬಳಿ ಬಂದ ಕೋಡಿನಲ್ಲಿ `log10` ಇರಬೇಕಾದ ಕಡೆ `log` ಇತ್ತು. ಪೈಥಾನ್‌ನಲ್ಲಿ ಅದು ನ್ಯಾಚುರಲ್ ಲಾಗ್. ಅದೇ ಪೈಪಿಗೆ ಅದೂ ಚೆನ್ನಾಗಿಯೇ ಕೂತಿತು, ಸ್ಲೋಪ್ 0.11. ಆದರೆ f ಬಂದದ್ದು 0.0042. ಕುಗ್ಗಿಸುವ ಗುಣ ಉತ್ತರ ಇದೆ ಅನ್ನುತ್ತದೆಯೇ ಹೊರತು ನೀವು ಬರೆದ ಸಮೀಕರಣ ಸರಿ ಅನ್ನುವುದಿಲ್ಲ. ಅದಕ್ಕೇ ಕೈಯಲ್ಲಿ ಮಾಡಿದ ಒಂದು ಪೈಪಿನ ಲೆಕ್ಕವನ್ನು ಶೀಟಿನ ಮೊದಲ ಸಾಲಿನಲ್ಲೇ ಇಡುತ್ತೇನೆ.

ಸುಮ್ನೆ ಕುತೂಹಲಕ್ಕೆ ಆ ಕೆಟ್ಟ ರೂಪವನ್ನೂ ಪಳಗಿಸಿ ನೋಡಿದೆ. ಹೊಸ ಬೆಲೆಯನ್ನು ಪೂರ್ತಿ ತಗೊಳ್ಳದೆ w ಪಾಲು ಮಾತ್ರ ತಗೊಂಡು, ಉಳಿದ ಪಾಲಿಗೆ ಹಳೆಯ ಬೆಲೆಯನ್ನೇ ಇಟ್ಟರೆ ಸ್ಲೋಪ್ 1 - 11.8w ಆಗುತ್ತದೆ. w = 0.085 ಇಟ್ಟರೆ ಅದು ಹೆಚ್ಚುಕಡಿಮೆ ಸೊನ್ನೆ. 7.2ರಿಂದ ಒಂದೇ ಹೆಜ್ಜೆಗೆ 7.256ಕ್ಕೆ ಬಂತು, ನೋಡಿ ಖುಷಿಯಾಯಿತು. ಆದರೆ 2ರಿಂದ ಹೊರಟಾಗ ಮೊದಲ ಹೆಜ್ಜೆಗೇ 340ಕ್ಕೆ ಹಾರಿ, ಮತ್ತೆ ಇಳಿಯಲು ಸುಮಾರು ನಲವತ್ತು ಸುತ್ತು ತಗೊಂಡಿತು. ಮೇಲಾಗಿ ಪ್ರತಿ ಪೈಪಿಗೂ ಬೇರೆ w ಬೇಕು. ಕೈಬಿಟ್ಟೆ.

ಇಷ್ಟೆಲ್ಲ ಹರಿವು ಗೊತ್ತಿದ್ದು Re ಕೈಯಲ್ಲಿರುವ ಲೆಕ್ಕಕ್ಕೆ. ಜಾಲದಲ್ಲಿ ಹರಿವೇ ಬದಲಾಗುತ್ತಿದ್ದರೆ ಹೊರಗಿನ ಲೂಪಿಗೆ ಅದರದೇ ಸ್ಲೋಪ್ ಇರುತ್ತದೆ, 0.29 ಅದಕ್ಕೆ ಅನ್ವಯಿಸುವುದಿಲ್ಲ. ಇನ್ನು ಒಂಟಿ ಪೈಪಿನ ಹೆಡ್ ಲಾಸ್, ಉದ್ದ, ವ್ಯಾಸ ಗೊತ್ತಿದ್ದು ಹರಿವು ಬೇಕಿದ್ದರೆ ಇಟರೇಷನ್ ಹಾಕಲೇಬೇಡಿ. ಆಗ Re√f ನೇರವಾಗಿ ಸಿಗುತ್ತದೆ, b*x ಅಂದರೆ 2.51/(Re√f) ತಾನೇ, ಬಲಗಡೆ ಗೊತ್ತಿಲ್ಲದ್ದು ಏನೂ ಉಳಿಯುವುದಿಲ್ಲ.