ಫೋಟೋದಲ್ಲಿದ್ದವರು ಎಲ್ಲಿ ಹೋದ್ರು? ಸಂಪಾದಕರಿಗೆ ಪತ್ರ ಬರೆದು ಕೇಳೋದು ಹೇಗೆ

ಪೇಪರಲ್ಲಿ ಒಂದು ಸಮಾರಂಭದ ಫೋಟೋ ಬಂದಿದೆ ಅಂದ್ಕೊಳ್ಳಿ, ನಾಲ್ಕು ಜನ ಸಾಲಾಗಿ ನಿಂತಿದ್ದಾರೆ, ಅಡಿಬರಹದಲ್ಲಿ ಮಾತ್ರ ಐದು ಹೆಸರಿದೆ. ಎಡಗಡೆಯಿಂದ ಎರಡನೆಯವರ ಭುಜದ ಮೇಲೆ ನಾಲ್ಕು ಬೆರಳು ಕಾಣ್ತಿದೆ. ಮೂರನೆಯವರು ಎರಡೂ ಕೈ ಕಟ್ಕೊಂಡಿದ್ದಾರೆ, ಮೊದಲನೆಯವರು ಎರಡೂ ಕೈಯಲ್ಲಿ ಹಾರ ಹಿಡ್ಕೊಂಡಿದ್ದಾರೆ, ನಾಲ್ಕನೆಯವರು ಅಷ್ಟು ದೂರದಿಂದ ಕೈ ಚಾಚೋಕೆ ಆಗಲ್ಲ. ಹಾಗಾದ್ರೆ ಆ ಬೆರಳು ಯಾರದ್ದು? ಇದನ್ನ ಸಂಪಾದಕರಿಗೆ ಕೇಳೋ ಹಕ್ಕು ಓದುಗರಿಗೆ ಖಂಡಿತ ಇದೆ, ಆದ್ರೆ ಅವರು ಪರಿಶೀಲಿಸಿ ಉತ್ತರ ಕೊಡೋ ಥರ ಕೇಳಬೇಕು.

ಮೊದಲು ಕ್ರಾಪ್ ಮಾಡೋದು ಬೇರೆ, ಅಳಿಸೋದು ಬೇರೆ ಅನ್ನೋದನ್ನ ತಲೇಲಿ ಇಟ್ಕೊಳ್ಳಿ. ಕ್ರಾಪ್ ಅಂದ್ರೆ ಅಂಚು ಕತ್ತರಿಸೋದು, ಅದನ್ನ ಎಲ್ಲಾ ಪತ್ರಿಕೆಗಳೂ ದಿನಾ ಮಾಡ್ತವೆ. ಅಳಿಸೋದು ಅಂದ್ರೆ ಒಳಗಿದ್ದವರನ್ನ ತೆಗೆದು ಆ ಜಾಗಕ್ಕೆ ಗೋಡೆನೋ ಪರದೆನೋ ತುಂಬಿಸೋದು, ಸುದ್ದಿ ಫೋಟೋದಲ್ಲಿ ಇದು ತಪ್ಪು. ಹಾಗಂತ ಕ್ರಾಪ್ ಯಾವಾಗ್ಲೂ ನಿರಪರಾಧಿ ಅಲ್ಲ. 2020ರ ಜನವರಿಯಲ್ಲಿ ದಾವೋಸ್‌ನಲ್ಲಿ ಗ್ರೆಟಾ ಥನ್‌ಬರ್ಗ್ ಜೊತೆ ನಿಂತಿದ್ದ ಉಗಾಂಡಾದ ಹವಾಮಾನ ಹೋರಾಟಗಾರ್ತಿ ವನೆಸ್ಸಾ ನಕಾಟೆ ಫೋಟೋದ ಅಂಚಲ್ಲಿದ್ರು, ಎಪಿ ಸುದ್ದಿಸಂಸ್ಥೆ ಕಳಿಸಿದ ಚಿತ್ರದಲ್ಲಿ ಅವರೊಬ್ಬರೇ ಕತ್ತರಿಸಿಹೋಗಿದ್ರು, ಉಳಿದ ನಾಲ್ವರು ಇದ್ರು. ನಕಾಟೆ ಅವರೇ ಬಹಿರಂಗವಾಗಿ ಪ್ರಶ್ನೆ ಮಾಡಿದ್ರು, ಎಪಿ ಕೊನೆಗೆ ಕ್ಷಮೆ ಕೇಳ್ತು. ಆದ್ರಿಂದ ಪತ್ರದಲ್ಲಿ ಎರಡನ್ನೂ ಬಿಡಿಬಿಡಿಯಾಗಿ ಕೇಳಿ.

ಆಮೇಲೆ ನೀವೇ ಒಂದು ಸುತ್ತು ಚೆಕ್ ಮಾಡಿ. ಅಚ್ಚಾದ ಫೋಟೋ ಮೇಲೆ ಭೂತಗನ್ನಡಿ ಹಿಡಿದ್ರೆ ಬರೀ ಬಣ್ಣದ ಚುಕ್ಕಿ ಕಾಣತ್ತೆ, ಅದರಿಂದ ಏನೂ ಸಾಬೀತಾಗಲ್ಲ. ವಾಟ್ಸಾಪಲ್ಲಿ ಬಂದ ಕಾಪಿಯಲ್ಲಂತೂ ಅಂಚುಗಳು ತಾವಾಗೇ ಮಸುಕಾಗಿರ್ತವೆ, "ಇಲ್ಲಿ ಮಬ್ಬಿದೆ, ಅಳಿಸಿದ್ದಾರೆ" ಅಂತ ಬರೆದ್ರೆ ನಿಮ್ಮ ಪತ್ರ ಅಲ್ಲೇ ಬಿದ್ದುಹೋಗತ್ತೆ. ಇ-ಪೇಪರ್ ತೆಗೆದು ಬೇರೆ ಗುರುತು ಹುಡುಕಿ: ನೆಲದ ಮೇಲೆ ಯಜಮಾನನಿಲ್ಲದ ನೆರಳು, ಯಾರಿಗೂ ಸೇರದ ಕಾಲು, ನಡುವೆ ತುಂಡಾದ ಟೈಲ್ಸ್ ಗೆರೆ, ಪರದೆ ಮೇಲೆ ಒಂದೇ ಮಡಿಕೆ ಎರಡು ಕಡೆ ಅಚ್ಚೊತ್ತಿದ ಹಾಗೆ ಇರೋದು. ಇವೂ ಅನುಮಾನಕ್ಕಷ್ಟೇ ಸಾಕು.

ಗಟ್ಟಿ ಆಧಾರ ಅಂದ್ರೆ ಅದೇ ಕ್ಷಣದ ಇನ್ನೊಂದು ಪ್ರತಿ. 2011ರಲ್ಲಿ ಬಿನ್ ಲಾಡೆನ್ ವಿರುದ್ಧದ ಕಾರ್ಯಾಚರಣೆ ನೋಡ್ತಾ ಕೂತಿದ್ದವರ ಫೋಟೋದಿಂದ ನ್ಯೂಯಾರ್ಕಿನಲ್ಲಿ ಯಹೂದಿಗಳ ಯಿಡ್ಡಿಷ್ ಭಾಷೆಯಲ್ಲಿ ಬರೋ ಒಂದು ಪತ್ರಿಕೆ ಹಿಲರಿ ಕ್ಲಿಂಟನ್‌ರನ್ನ, ಜೊತೆಗಿದ್ದ ಇನ್ನೊಬ್ಬ ಮಹಿಳೆಯನ್ನ ಅಳಿಸಿಹಾಕ್ತು, ಆದ್ರೆ ಶ್ವೇತಭವನ ಮೂಲ ಫೋಟೋವನ್ನ ಎಲ್ಲರಿಗೂ ಬಿಡುಗಡೆ ಮಾಡಿತ್ತು, ಎರಡನ್ನೂ ಪಕ್ಕಪಕ್ಕ ಇಟ್ಟಿದ್ದಷ್ಟೇ ಸಾಕಾಯ್ತು. ನೀವೂ ಬೇರೆ ಪತ್ರಿಕೆಗಳಲ್ಲಿ ಬಂದ ಚಿತ್ರ ನೋಡಿ. ಆದ್ರೆ ಒಂದು ಹುಷಾರು, ಕ್ಯಾಮೆರಾ ಎರಡು ಹೆಜ್ಜೆ ಪಕ್ಕಕ್ಕೆ ಹೋದ್ರೂ ಒಬ್ಬರ ಹಿಂದೆ ಇನ್ನೊಬ್ಬರು ಮರೆಯಾಗ್ತಾರೆ, ಅರ್ಧ ನಿಮಿಷದಲ್ಲಿ ಜನ ಜಾಗ ಬದಲಾಯಿಸ್ತಾರೆ. ಹಾರದ ಸ್ಥಾನ, ಕೈಗಳ ಭಂಗಿ ಎರಡರಲ್ಲೂ ಒಂದೇ ಇದ್ರೆ ಮಾತ್ರ ಅದೇ ಕ್ಷಣ ಅನ್ನಿ.

ಈಗ ಪತ್ರ. ಆವೃತ್ತಿ ಮರೀಬೇಡಿ, ಒಂದೇ ದಿನದ ಬೇರೆ ಬೇರೆ ಆವೃತ್ತಿಗಳಲ್ಲಿ ಫೋಟೋ ಬೇರೆ ಅಳತೆಗೆ ಕತ್ತರಿಸಿರ್ತಾರೆ. ಹೀಗೆ ಬರೀಬಹುದು:

"ಮಾನ್ಯ ಸಂಪಾದಕರೇ, ಇಂಥ ದಿನಾಂಕದ ಇಂಥ ಆವೃತ್ತಿಯ 3ನೇ ಪುಟದಲ್ಲಿ, ಮೇಲಿನ ಬಲಗಡೆ ಪ್ರಕಟವಾದ ಸಮಾರಂಭದ ಚಿತ್ರದ ಬಗ್ಗೆ ಬರೆಯುತ್ತಿದ್ದೇನೆ. ಎಡದಿಂದ ಎರಡನೆಯವರ ಭುಜದ ಮೇಲೆ ನಾಲ್ಕು ಬೆರಳು ಕಾಣುತ್ತಿವೆ, ಅವು ಚಿತ್ರದಲ್ಲಿರುವ ಉಳಿದ ಮೂವರಲ್ಲಿ ಯಾರದ್ದೂ ಆಗಿರುವಂತೆ ಕಾಣುತ್ತಿಲ್ಲ. ಅಡಿಬರಹದಲ್ಲಿ ಐದು ಹೆಸರುಗಳಿವೆ. ಈ ಚಿತ್ರದಿಂದ ಯಾರನ್ನಾದರೂ ಅಳಿಸಲಾಗಿದೆಯೇ, ಅಥವಾ ಅಂಚನ್ನಷ್ಟೇ ಕತ್ತರಿಸಲಾಗಿದೆಯೇ? ಚಿತ್ರ ನಿಮ್ಮ ಛಾಯಾಗ್ರಾಹಕರದ್ದೇ, ಆಯೋಜಕರು ಕಳಿಸಿದ್ದೇ? ಮೂಲ ಚಿತ್ರದೊಂದಿಗೆ ಹೋಲಿಸಿ ತಿಳಿಸಬೇಕಾಗಿ ವಿನಂತಿ."

ಇಷ್ಟೇ ಸಾಕು. ಯಾರು, ಯಾವ ಒತ್ತಡಕ್ಕೆ ತೆಗೆಸಿದ್ರು ಅಂತ ಊಹೆ ಸೇರಿಸಬೇಡಿ, ಪುಟದ ಸ್ಪಷ್ಟ ಫೋಟೋ ಲಗತ್ತಿಸಿ, ಬೆರಳಿನ ಜಾಗಕ್ಕೆ ಒಂದು ವೃತ್ತ ಹಾಕಿ. ಪತ್ರಿಕೆಯಲ್ಲಿ ಓದುಗರ ದೂರು ನೋಡೋ ಸಂಪಾದಕರು ಪ್ರತ್ಯೇಕವಾಗಿ ಇದ್ರೆ ಅವರಿಗೇ ಕಳಿಸಿ.

ಉತ್ತರ ಬಂದಾಗ ಅದನ್ನೂ ಗಮನ ಇಟ್ಟು ಓದಿ. "ಬರೀ ಕ್ರಾಪ್ ಮಾಡಿದ್ದೇವೆ" ಅಂದ್ರೆ ನಮ್ಮ ಉದಾಹರಣೆಗೆ ಅದು ಹೊಂದಲ್ಲ, ಯಾಕಂದ್ರೆ ಅಂಚು ಕತ್ತರಿಸಿ ಎರಡನೆಯವರ ಹಿಂದೆ ನಿಂತಿದ್ದವರನ್ನ ಮಾಯ ಮಾಡೋಕೆ ಆಗಲ್ಲ, ಅದನ್ನೇ ವಿನಯವಾಗಿ ಮತ್ತೆ ಬರೀರಿ. "ಆಯೋಜಕರು ಕಳಿಸಿದ ಚಿತ್ರ, ನಮ್ಮ ಹತ್ರ ಮೂಲ ಇಲ್ಲ" ಅಂದ್ರೆ ಅದು ನಿಜವೇ ಇರಬಹುದು, ಆಗ ಚಿತ್ರ ಎಲ್ಲಿಂದ ಬಂತು ಅನ್ನೋದನ್ನ ತಿದ್ದುಪಡಿಯಲ್ಲಿ ಅಚ್ಚು ಮಾಡಿ ಅಂತ ಕೇಳಿ, ಇ-ಪೇಪರಲ್ಲೂ ಆ ಚಿತ್ರದ ಕೆಳಗೇ ಹಾಕಿ ಅಂತ ಸೇರಿಸಿ.